ಒಂದು ಮರ ಬರೆದು ಚಕ್ರಬಡ್ಡಿ ನೋಡೋಣ: ಕಾಂಡ, ಕೊಂಬೆ, ಟಿಸಿಲು

(ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಹುಡುಗ ಹುಡುಗೀರಿಗೆ ಕೊಟ್ಟ ಉಪನ್ಯಾಸ. ಬೋರ್ಡ್ ಮೇಲೆ ಬರೆದಿದ್ದನ್ನ ಇಲ್ಲಿ ಮಾತಲ್ಲೇ ಹೇಳಿದೀನಿ, ಓದೋವಾಗ ಪಕ್ಕದಲ್ಲಿ ಒಂದು ಹಾಳೆ ಪೆನ್ನು ಇಟ್ಕೊಂಡು ನೀವೂ ಬರೀತಾ ಹೋದ್ರೆ ಚೆನ್ನಾಗಿ ಹತ್ತುತ್ತೆ.)

ಎಲ್ಲರಿಗೂ ನಮಸ್ಕಾರ. ಚಕ್ರಬಡ್ಡಿ ಸೂತ್ರ ನಿಮಗೆಲ್ಲ ಎಂಟನೇ ಕ್ಲಾಸಲ್ಲೇ ಬಂದು ಹೋಗಿದೆ, ಪರೀಕ್ಷೇಲಿ ಮಾರ್ಕ್ಸೂ ತಗೊಂಡಿದೀರ, ಆದ್ರೆ ಆ ಸೂತ್ರದೊಳಗೆ ದುಡ್ಡು ಹೆಂಗೆ ಬೆಳೆಯುತ್ತೆ ಅಂತ ಕಣ್ಣಿಗೆ ಕಾಣೋ ಹಾಗೆ ಯಾರಾದ್ರೂ ತೋರಿಸಿದ್ರಾ ಅಂದ್ರೆ ಹೆಚ್ಚಿನವರು ಇಲ್ಲ ಅಂತಾರೆ. ಅದಕ್ಕೆ ಇವತ್ತು ಸೂತ್ರ ಬಿಟ್ಟುಬಿಡೋಣ. ಬೋರ್ಡ್ ಮೇಲೆ ಒಂದೇ ಒಂದು ಮರ ಬರೀತೀನಿ, ಕೊನೇವರೆಗೂ ಅದೇ ಮರ, ಅದನ್ನೇ ಬೆಳೆಸ್ತಾ ಹೋಗೋಣ.

ಮೊದಲು ಬಿಳಿ ಸೀಮೆಸುಣ್ಣದಲ್ಲಿ ಕಾಂಡ. ನೆಟ್ಟಗೆ ಒಂದು ಗೆರೆ, ಪಕ್ಕದಲ್ಲಿ 10,000 ಅಂತ ಬರೆದೆ. ಇದು ಅಸಲು, ನೀವು ಕೈಯಿಂದ ಇಟ್ಟ ದುಡ್ಡು. ಬಡ್ಡಿ ವರ್ಷಕ್ಕೆ ನೂರಕ್ಕೆ 8 ಅಂತ ಇಟ್ಕೊಳ್ಳೋಣ, ಇದು ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ನಾನು ತಗೊಂಡಿರೋ ನಂಬರ್, ಎಲ್ಲಾ ಬ್ಯಾಂಕಲ್ಲೂ ಇಷ್ಟೇ ಕೊಡ್ತಾರೆ ಅಂತ ಅಲ್ಲ.

ಒಂದು ವರ್ಷ ಆಯ್ತು. ಕಾಂಡದಿಂದ ಒಂದು ಕೊಂಬೆ ಬಂತು, ಹಸಿರು ಬಣ್ಣದಲ್ಲಿ ಬರೀತೀನಿ, ಅದು 800 ರೂಪಾಯಿ. ಮರದ ಒಟ್ಟು ಬೆಲೆ 10,800. ಇಲ್ಲೀವರೆಗೂ ಸರಳಬಡ್ಡಿಗೂ ಚಕ್ರಬಡ್ಡಿಗೂ ಒಂದು ಪೈಸೆ ವ್ಯತ್ಯಾಸ ಇಲ್ಲ.

ಎರಡನೇ ವರ್ಷ. ಕಾಂಡ ಮತ್ತೆ ಒಂದು ಕೊಂಬೆ ಕೊಡುತ್ತೆ, ಮತ್ತೆ 800, ಯಾಕಂದ್ರೆ ಕಾಂಡ ಅಷ್ಟೇ ಇದೆ, ಅದು ಕೊಡೋದೂ ಅಷ್ಟೇ. ಆದ್ರೆ ಹೋದ ವರ್ಷದ ಕೊಂಬೆ ಇದೆಯಲ್ಲ, ಅದನ್ನ ನೀವು ಮುರ್ಕೊಂಡು ಹೋಗಿಲ್ಲ, ಅಲ್ಲೇ ಬಿಟ್ಟಿದೀರ, ಹಾಗಾಗಿ ಅದಕ್ಕೂ ಈಗ ನೂರಕ್ಕೆ ಎಂಟರ ಲೆಕ್ಕದಲ್ಲಿ ಚಿಗುರೋ ಹಕ್ಕಿದೆ. 800ಕ್ಕೆ 8 ಪರ್ಸೆಂಟ್ ಅಂದ್ರೆ 64 ರೂಪಾಯಿ. ಕೊಂಬೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಣ್ಣ ಟಿಸಿಲು ಬರೀತೀನಿ, 64. ಈಗ ಮರದಲ್ಲಿ ಕಾಂಡ 10,000, ಎರಡು ಕೊಂಬೆ ಸೇರಿ 1,600, ಟಿಸಿಲು 64, ಒಟ್ಟು 11,664.

ಮೂರನೇ ವರ್ಷ ಸ್ವಲ್ಪ ಗಮನ ಕೊಟ್ಟು ನೋಡಿ. ಕಾಂಡದಿಂದ ಮೂರನೇ ಕೊಂಬೆ, 800. ಹಳೇ ಎರಡು ಕೊಂಬೆಗಳಿಂದ ಒಂದೊಂದು ಹೊಸ ಟಿಸಿಲು, 64 ಮತ್ತೆ 64. ಇಷ್ಟೇ ಅಲ್ಲ, ಹೋದ ವರ್ಷದ ಆ ಪುಟ್ಟ ಟಿಸಿಲು ಕೂಡ ಸುಮ್ನೆ ಕೂತಿಲ್ಲ, ಅದರ ತುದೀಲಿ ಇನ್ನೊಂದು ಪುಟಾಣಿ ಟಿಸಿಲು, 5 ರೂಪಾಯಿ 12 ಪೈಸೆ. ಎಲ್ಲಾ ಕೂಡಿಸಿದ್ರೆ 12,597 ರೂಪಾಯಿ 12 ಪೈಸೆ, ಸೂತ್ರ ಹಾಕಿ ನೋಡಿ, ಪೈಸೆ ಸಮೇತ ಅದೇ ಬರುತ್ತೆ. ಸೂತ್ರ ಅಂದ್ರೆ ಇದೇ ಮರವನ್ನ ಒಂದೇ ಸಾಲಲ್ಲಿ ಬರೆದಿರೋದು, ಬೇರೇನಿಲ್ಲ.

```
A = P × (1 + r/100)^n
10000 × 1.08 × 1.08 × 1.08 = 12597.12
```

ಬಿಳಿ ಅಂದ್ರೆ ಅಸಲು, ಹಸಿರು ಅಂದ್ರೆ ಅಸಲಿನ ಬಡ್ಡಿ, ಕೆಂಪು ಅಂದ್ರೆ ಬಡ್ಡಿ ಮೇಲಿನ ಬಡ್ಡಿ. ಸರಳಬಡ್ಡಿ ಅಂದ್ರೆ ಕೆಂಪು ಇಲ್ಲದ ಮರ. ಈ ಮೂರು ಬಣ್ಣ ತಲೇಲಿ ಇದ್ರೆ ಸಾಕು.

ಇಲ್ಲಿಗೆ ಬಂದಾಗ ಹಿಂದಿನ ಬೆಂಚಿಂದ ಒಬ್ಬ ಹುಡುಗ ಎದ್ದು ಕೇಳಿದ, "ಮೇಡಂ, 64 ರೂಪಾಯಿ ಐದು ರೂಪಾಯಿಗೆ ಇಷ್ಟೊಂದು ಬಣ್ಣ ಯಾಕೆ, ಮೂರು ವರ್ಷ ಕಾದು ಸರಳಬಡ್ಡಿಗಿಂತ ಇನ್ನೂರು ರೂಪಾಯಿನೂ ಜಾಸ್ತಿ ಆಗಿಲ್ಲವಲ್ಲ?"

ತುಂಬಾ ಸರಿಯಾದ ಪ್ರಶ್ನೆ, ಅವನ ಲೆಕ್ಕಾನೂ ಸರಿ, ಜಾಸ್ತಿ ಬಂದಿರೋದು 197 ರೂಪಾಯಿ ಅಷ್ಟೇ. ಮೊದಲ ಕೆಲವು ವರ್ಷ ಚಕ್ರಬಡ್ಡಿ ನೋಡಿದವರಿಗೆ ಏನೂ ಆಗ್ತಿಲ್ಲ ಅನ್ಸೋದು ಸಹಜ, ಅದಕ್ಕೇ ಎಷ್ಟೋ ಜನ ಎರಡು ಮೂರು ವರ್ಷಕ್ಕೆ ಎಫ್‌ಡಿ ಮುರಿಸಿ ಬೈಕಿಗೋ ಫೋನಿಗೋ ಹಾಕಿಬಿಡ್ತಾರೆ. ಬನ್ನಿ, ಮರವನ್ನ ಮುಂದಕ್ಕೆ ಓಡಿಸೋಣ, ಪ್ರತಿ ವರ್ಷ ಬರೆಯೋಕೆ ಬೋರ್ಡಲ್ಲಿ ಜಾಗ ಸಾಲಲ್ಲ, ಹತ್ತು ಹತ್ತು ವರ್ಷಕ್ಕೆ ನಿಂತು ನೋಡೋಣ.

ಹತ್ತನೇ ವರ್ಷ: ಬಿಳಿ 10,000, ಹಸಿರು 8,000, ಕೆಂಪು 3,589. ಒಟ್ಟು 21,589. ಕೆಂಪು ಇನ್ನೂ ಹಸಿರಿನ ಅರ್ಧಾನೂ ಇಲ್ಲ.

ಇಪ್ಪತ್ತನೇ ವರ್ಷ: ಬಿಳಿ ಅದೇ 10,000, ಹಸಿರು 16,000, ಕೆಂಪು 20,610. ಒಟ್ಟು 46,610. ಕೆಂಪು ಹಸಿರನ್ನ ದಾಟಿಬಿಟ್ಟಿದೆ. ಯಾವಾಗ ದಾಟಿತು ಅಂತ ನೋಡಿದ್ರೆ 17ನೇ ವರ್ಷದ ಕೊನೇಲಿ ಎರಡೂ ಹತ್ತಿರ ಹತ್ತಿರ ಸಮ, 18ನೇ ವರ್ಷದಲ್ಲಿ ಕೆಂಪು ಮುಂದೆ.

ಮೂವತ್ತನೇ ವರ್ಷ: ಬಿಳಿ 10,000, ಹಸಿರು 24,000, ಕೆಂಪು 66,627. ಒಟ್ಟು ಒಂದು ಲಕ್ಷದ 627 ರೂಪಾಯಿ.

ಈ ಕೊನೇ ಸಾಲನ್ನ ಇನ್ನೊಂದ್ಸಲ ನೋಡಿ. ಒಂದು ಲಕ್ಷದಲ್ಲಿ ನೀವು ಇಟ್ಟಿದ್ದು ಹತ್ತು ಸಾವಿರ, ಆ ಹತ್ತು ಸಾವಿರ ನೇರವಾಗಿ ದುಡಿದಿದ್ದು 24 ಸಾವಿರ, ಮಿಕ್ಕಿದ್ದೆಲ್ಲ, ಅಂದ್ರೆ ಮೂರರಲ್ಲಿ ಎರಡು ಪಾಲು, ಆ ಹುಡುಗ ಇದೆಲ್ಲ ಯಾಕೆ ಅಂತ ಕೇಳಿದ್ನಲ್ಲ ಆ 64 ರೂಪಾಯಿ, 5 ರೂಪಾಯಿ ಟಿಸಿಲುಗಳ ವಂಶ. ಕಾರಣ ತುಂಬಾ ಸರಳ. ಕಾಂಡ ಒಂದೇ, ಅದು ಎಷ್ಟೇ ವರ್ಷ ಆದ್ರೂ ವರ್ಷಕ್ಕೆ ಒಂದೇ ಕೊಂಬೆ ಕೊಡುತ್ತೆ, ಆದ್ರೆ ಚಿಗುರೋ ಜಾಗಗಳ ಸಂಖ್ಯೆ ಪ್ರತಿ ವರ್ಷ ಜಾಸ್ತಿ ಆಗ್ತಾ ಹೋಗುತ್ತೆ, ಮತ್ತೆ ಪ್ರತಿ ಹೊಸ ಟಿಸಿಲೂ ಮುಂದಿನ ವರ್ಷದಿಂದ ತಾನೇ ಒಂದು ಚಿಗುರೋ ಜಾಗ. ಮೊದಲ ಹತ್ತು ವರ್ಷದಲ್ಲಿ ಈ ಮರ ಸುಮಾರು 11,600 ರೂಪಾಯಿ ಬೆಳೀತು, ಕೊನೇ ಹತ್ತು ವರ್ಷದಲ್ಲಿ 54,000. ದರ ಅದೇ ಎಂಟು, ಒಂದು ಚೂರೂ ಬದಲಾಗಿಲ್ಲ. ಹಾಗಾಗಿ ನೀವು 18ಕ್ಕೆ ಇಟ್ಟ ಹತ್ತು ಸಾವಿರಕ್ಕೂ 28ಕ್ಕೆ ಇಟ್ಟ ಹತ್ತು ಸಾವಿರಕ್ಕೂ ವ್ಯತ್ಯಾಸ ಏನು ಅಂದ್ರೆ, 48 ವಯಸ್ಸಲ್ಲಿ ಒಂದು ಲಕ್ಷ, ಇನ್ನೊಂದು 46 ಸಾವಿರ. ತಡವಾಗಿ ಇಟ್ಟವನು ಕಳ್ಕೊಂಡಿದ್ದು ಮೊದಲ ಹತ್ತು ವರ್ಷದ ಸಣ್ಣ ಬೆಳವಣಿಗೆಯನ್ನಲ್ಲ, ಕೊನೇ ಹತ್ತು ವರ್ಷದ ದೊಡ್ಡದನ್ನ.

ನಿಜವಾದ ಮರ ಒಂದು ಎತ್ತರಕ್ಕೆ ಬಂದ ಮೇಲೆ ನಿಧಾನ ಆಗುತ್ತೆ, ಅದರ ಕಾಂಡಾನೂ ದಪ್ಪ ಆಗುತ್ತೆ. ನಮ್ಮ ಬೋರ್ಡಿನ ಮರದಲ್ಲಿ ಎರಡೂ ಇಲ್ಲ, ಇದೊಂದು ನೆನಪಿರಲಿ.

ಈಗ ಕ್ಯಾಲ್ಕುಲೇಟರ್ ಇಲ್ಲದೆ ಮರ ಯಾವಾಗ ಎರಡರಷ್ಟಾಗುತ್ತೆ ಅಂತ ಹೇಳೋ ಒಂದು ದಾರಿ. 72ನ್ನ ಬಡ್ಡಿ ದರದಿಂದ ಭಾಗಿಸಿ. 72 ಭಾಗಿಸು 8, ಒಂಬತ್ತು ವರ್ಷ. ನಮ್ಮ ಮರ ಒಂಬತ್ತನೇ ವರ್ಷದ ಕೊನೇಲಿ 19,990 ರೂಪಾಯಿ ಇತ್ತು, ಹತ್ತೇ ರೂಪಾಯಿ ಕಮ್ಮಿ, ಅಷ್ಟು ಹತ್ತಿರ ಬರುತ್ತೆ. ದರ 6 ಆದ್ರೆ 12 ವರ್ಷ, 12 ಆದ್ರೆ 6 ವರ್ಷ. ಯಾರಾದ್ರೂ ಬಂದು "ನಮ್ಮ ಸ್ಕೀಮಲ್ಲಿ ಹಾಕಿ, ಒಂದೇ ವರ್ಷಕ್ಕೆ ಡಬಲ್" ಅಂದ್ರೆ ಇದನ್ನೇ ತಿರುಗಿಸಿ ಹಾಕಿ, ತಿಂಗಳಿಗೆ ಸುಮಾರು ನೂರಕ್ಕೆ ಆರು ರೂಪಾಯಿ ಕೊಡಬೇಕಾಗುತ್ತೆ, ಆ ಬಡ್ಡಿ ಕೊಡೋಕೆ ಅವನು ಇನ್ನೆಷ್ಟು ದುಡಿಯೋ ವ್ಯಾಪಾರ ಮಾಡ್ತಿರಬೇಕು ಅಂತ ಅವನನ್ನೇ ಕೇಳಿ.

ಮರ ಬೆಳೀಬೇಕು ಅಂದ್ರೆ ಕೊಂಬೆ ಕಡೀಬಾರದು ಅಂದ್ನಲ್ಲ, ಬ್ಯಾಂಕಲ್ಲಿ ಈ ಕಡಿಯೋದು ಎಲ್ಲಿ ಆಗುತ್ತೆ ಗೊತ್ತಾ? ಎಫ್‌ಡಿ ಫಾರಂ ತುಂಬೋವಾಗ. ಅಲ್ಲಿ ಬಡ್ಡಿ ಹೆಂಗೆ ಬೇಕು ಅಂತ ಒಂದು ಜಾಗ ಇರುತ್ತೆ. ತಿಂಗಳಿಗೆ ಅಥವಾ ಮೂರು ತಿಂಗಳಿಗೆ ಬಡ್ಡಿ ಬೇಕು ಅಂತ ಟಿಕ್ ಹಾಕಿದ್ರೆ ಬಡ್ಡಿ ನಿಮ್ಮ ಸೇವಿಂಗ್ಸ್ ಅಕೌಂಟಿಗೆ ಬಂದು ಬೀಳುತ್ತೆ, ಅಂದ್ರೆ ಪ್ರತಿ ಕೊಂಬೆಯನ್ನೂ ಬಂದ ತಕ್ಷಣ ಕಡಿದು ಕೈಗೆ ಕೊಟ್ಟ ಹಾಗೆ, ಮರದಲ್ಲಿ ಕೆಂಪು ಬರೋದೇ ಇಲ್ಲ. ಬಡ್ಡಿ ಅಲ್ಲೇ ಸೇರಲಿ ಅನ್ನೋದಕ್ಕೆ ಕ್ಯುಮುಲೇಟಿವ್ ಅಂತಾರೆ. ಸ್ಟೇಟ್ ಬ್ಯಾಂಕಲ್ಲಿ ಟಿಡಿಆರ್ ಅಂದ್ರೆ ಬಡ್ಡಿ ಕೈಗೆ ಬರೋದು, ಎಸ್‌ಟಿಡಿಆರ್ ಅಂದ್ರೆ ಬಡ್ಡಿ ಅಲ್ಲೇ ಸೇರೋದು, ಆ ಒಂದು ಅಕ್ಷರ ನೋಡ್ಕೊಳ್ಳಿ. ನಮ್ಮ ಲೆಕ್ಕದ ಹತ್ತು ಸಾವಿರವನ್ನ ಮೂವತ್ತು ವರ್ಷ ಹಿಂಗೆ ಕಡೀತಾ ಹೋದ್ರೆ, ಮತ್ತೆ ಆ ಕೈಗೆ ಬಂದ ದುಡ್ಡು ಖರ್ಚಾಗ್ತಾ ಹೋದ್ರೆ, ಸಿಗೋದು 24 ಸಾವಿರ ಬಡ್ಡಿ ಮತ್ತೆ ಅಸಲು, ಒಟ್ಟು 34 ಸಾವಿರ. ಆ ಕಡೆ ಒಂದು ಲಕ್ಷ. ನಿಮ್ಮ ತಾತ ಅಜ್ಜಿ ರಿಟೈರ್ ಆಗಿ ತಿಂಗಳ ಖರ್ಚಿಗೆ ಬಡ್ಡಿ ನಂಬಿಕೊಂಡಿದ್ರೆ ಅವರಿಗೆ ಕಡಿಯೋ ಮರಾನೇ ಸರಿ, ಅವರು ಅದಕ್ಕೇ ನೆಟ್ಟಿರೋದು. ನಿಮ್ಮ ವಯಸ್ಸಿಗೆ ಅದಲ್ಲ.

ಬ್ಯಾಂಕುಗಳು ಸಾಮಾನ್ಯವಾಗಿ ಎಫ್‌ಡಿಗೆ ವರ್ಷಕ್ಕೊಂದ್ಸಲ ಅಲ್ಲ, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸ್ತಾರೆ, ಅಂದ್ರೆ ಮರ ವರ್ಷಕ್ಕೆ ನಾಲ್ಕು ಸಲ ಚಿಗುರುತ್ತೆ, ಪ್ರತಿ ಸಲ ನೂರಕ್ಕೆ ಎರಡು. ವರ್ಷದ ಕೊನೇಲಿ 10,800ರ ಬದಲು 10,824 ಆಗುತ್ತೆ. ಒಳ್ಳೇದೇ, ಆದ್ರೆ ಇದರ ಹಿಂದೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಹತ್ತು ವರ್ಷಕ್ಕೆ ಇದರಿಂದ ಬರೋದು ಸುಮಾರು 490 ರೂಪಾಯಿ, ಇನ್ನೊಂದೇ ಒಂದು ವರ್ಷ ಮರವನ್ನ ಮುಟ್ಟದೆ ಬಿಟ್ರೆ ಅದಕ್ಕಿಂತ ಮೂರು ಪಟ್ಟು ಜಾಸ್ತಿ ಬರುತ್ತೆ.

ಇದಾದ ಮೇಲೆ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬಳು ಹುಡುಗಿ ಒಂದು ಮಾತು ಕೇಳಿದಳು, ನಿಜ ಹೇಳ್ಬೇಕು ಅಂದ್ರೆ ಈ ಇಡೀ ಉಪನ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಅದೇ. "ಮೇಡಂ, ಬ್ಯಾಂಕಲ್ಲಿ ನೂರಕ್ಕೆ ಎಂಟು ಅಂದ್ರಿ, ನಮ್ಮೂರಲ್ಲಿ ಸಾಲ ನೂರಕ್ಕೆ ಮೂರೇ ರೂಪಾಯಿಗೆ ಸಿಗುತ್ತೆ, ಹಂಗಾದ್ರೆ ಊರಿನ ಸಾಲಾನೇ ಅಗ್ಗ ಅಲ್ವಾ?"

ಅಲ್ಲ ಪುಟ್ಟಾ. ಬ್ಯಾಂಕಿನ ಎಂಟು ವರ್ಷದ್ದು, ಊರಿನ ಮೂರು ತಿಂಗಳದ್ದು. ನಮ್ಮ ಕಡೆ ಕೈಸಾಲದ ಬಡ್ಡಿ ಹೇಳೋವಾಗ ಯಾರೂ ತಿಂಗಳಿಗೆ ಅಂತ ಬಾಯಿಬಿಟ್ಟು ಹೇಳಲ್ಲ, ಎಲ್ಲರಿಗೂ ಗೊತ್ತಿದೆ ಅಂತಾನೇ ಮಾತಾಡ್ತಾರೆ, ಹೊಸಬರು ಮಾತ್ರ ಮೋಸ ಹೋಗ್ತಾರೆ. ತಿಂಗಳಿಗೆ ಮೂರು ಅಂದ್ರೆ ಬರೀ ಸರಳವಾಗಿ ಕೂಡಿಸಿದ್ರೂ ವರ್ಷಕ್ಕೆ 36. ಅದೇ ಮರ, ಅದೇ ಮೂರು ಬಣ್ಣ, ವ್ಯತ್ಯಾಸ ಅಂದ್ರೆ ಇದು ಬೆಳೀತಿರೋದು ಸಾಲ ಕೊಟ್ಟವನ ಹಿತ್ತಲಲ್ಲಿ, ನೀರು ಹಾಕ್ತಿರೋದು ನೀವು, ಮತ್ತೆ ಅದು ವರ್ಷಕ್ಕೆ ಹನ್ನೆರಡು ಸಲ ಚಿಗುರುತ್ತೆ.

20,000 ರೂಪಾಯಿ ಸಾಲ ತಗೊಂಡ್ರಿ ಅಂದ್ಕೊಳ್ಳಿ, ತಿಂಗಳಿಗೆ ಮೂರರ ಬಡ್ಡಿ. ತಿಂಗಳ ಬಡ್ಡಿ 600. ಏನೂ ಕಟ್ಟದೆ, ಕಟ್ಟದ ಬಡ್ಡಿಯನ್ನ ಅವನು ಅಸಲಿಗೆ ಸೇರಿಸ್ತಾ ಹೋದ್ರೆ ಒಂದು ವರ್ಷಕ್ಕೆ 28,515 ಆಗುತ್ತೆ. 72 ಭಾಗಿಸು 3, ಇಪ್ಪತ್ನಾಲ್ಕು, ಈ ಸಲ ತಿಂಗಳು, ಅಂದ್ರೆ ಎರಡೇ ವರ್ಷಕ್ಕೆ ಡಬಲ್, ಲೆಕ್ಕ ಹಾಕಿದ್ರೆ 40,656. ಮೂರು ವರ್ಷಕ್ಕೆ ಸುಮಾರು 58,000. ಬ್ಯಾಂಕಲ್ಲಿ ನಿಮ್ಮ ದುಡ್ಡು ಡಬಲ್ ಆಗೋಕೆ ಒಂಬತ್ತು ವರ್ಷ ಬೇಕಾಯ್ತು, ನೆನಪಿದೆಯಲ್ಲ.

ಹೆಚ್ಚಿನ ಮನೆಗಳಲ್ಲಿ ಏನ್ ಮಾಡ್ತಾರೆ ಅಂದ್ರೆ ಬಡ್ಡಿ ಮಾತ್ರ ತಪ್ಪದೆ ಕಟ್ತಾರೆ, ತಿಂಗಳಿಗೆ 600. ಮರದ ಭಾಷೇಲಿ ಹೇಳೋದಾದ್ರೆ ಪ್ರತಿ ತಿಂಗಳ ಕೊಂಬೆ ಕಡೀತಿದಾರೆ, ಕಾಂಡ ಹಂಗೇ ನಿಂತಿದೆ. ಮೂರು ವರ್ಷದಲ್ಲಿ 21,600 ಕಟ್ಟಿರ್ತಾರೆ, ತಗೊಂಡಿದ್ದಕ್ಕಿಂತ ಜಾಸ್ತಿ, ಆದ್ರೂ ಸಾಲ ಎಷ್ಟಿದೆ ಅಂದ್ರೆ ಅದೇ 20,000. "ಇಷ್ಟು ವರ್ಷದಿಂದ ಕಟ್ತಾನೇ ಇದೀವಿ, ತೀರ್ತಾನೇ ಇಲ್ಲ" ಅಂತ ಮನೇಲಿ ದೊಡ್ಡವರು ಹೇಳಿದ್ರೆ ಹತ್ತರಲ್ಲಿ ಒಂಬತ್ತು ಸಲ ಆಗ್ತಿರೋದು ಇದೇ ಅಂತ ನನ್ನ ಅಂದಾಜು. ಅದೇ 600ರ ಬದಲು ತಿಂಗಳಿಗೆ 1,000 ಕಟ್ಟಿದ್ರೆ ಮೊದಲ ತಿಂಗಳು 400 ರೂಪಾಯಿ ಕಾಂಡಕ್ಕೆ ಕೊಡಲಿ ಏಟು ಬೀಳುತ್ತೆ, ಸಾಲ 19,600ಕ್ಕೆ ಇಳಿಯುತ್ತೆ, ಮುಂದಿನ ತಿಂಗಳ ಬಡ್ಡಿ 588ಕ್ಕೆ ಇಳಿಯುತ್ತೆ, ಹಾಗಾಗಿ ಕಾಂಡಕ್ಕೆ 412 ಹೋಗುತ್ತೆ, ಹಿಂಗೇ ಪ್ರತಿ ತಿಂಗಳು ಏಟು ಜೋರಾಗ್ತಾ ಹೋಗಿ 31ನೇ ಕಂತಿಗೆ ಸಾಲ ಪೂರ್ತಿ ಮುಗಿಯುತ್ತೆ. ತಿಂಗಳಿಗೆ 400 ಜಾಸ್ತಿ, ಎರಡೂವರೆ ವರ್ಷಕ್ಕೆ ಮುಕ್ತಿ. ಆದ್ರೆ ಒಂದು ಎಚ್ಚರ, ಜಾಸ್ತಿ ಕೊಟ್ಟಿದ್ದು ಅಸಲಿಗೆ ಜಮಾ ಅಂತ ಅವನ ಪುಸ್ತಕದಲ್ಲಿ ನಿಮ್ಮ ಕಣ್ಣೆದುರೇ ಬರೆಸಿ, ಒಂದು ಪ್ರತಿ ನಿಮ್ಮ ಹತ್ರಾನೂ ಇರಲಿ, ಬಾಯಿಮಾತಲ್ಲಿ ಬಿಟ್ರೆ ಮುಂದಿನ ತಿಂಗಳೂ 600ರ ಬಡ್ಡೀನೇ ಕೇಳ್ತಾರೆ. ಹೋದ ತಿಂಗಳಿಗಿಂತ ಈ ತಿಂಗಳ ಬಡ್ಡಿ ಕಮ್ಮಿ ಆಗಿದೆಯಾ ಅಂತ ನೋಡಿದ್ರೆ ಸಾಕು, ಕಾಂಡ ಸಣ್ಣ ಆಗ್ತಿದೆಯೋ ಇಲ್ವೋ ಗೊತ್ತಾಗಿಬಿಡುತ್ತೆ.

ಮತ್ತೆ ನಮ್ಮ ಒಂದು ಲಕ್ಷದ ಮರಕ್ಕೆ ವಾಪಸ್ ಬರೋಣ, ಅದರ ಬಗ್ಗೆ ಪೂರ್ತಿ ನಿಜ ಹೇಳದೆ ನಿಮ್ಮನ್ನ ಕಳಿಸೋಕೆ ನನಗೆ ಮನಸ್ಸಿಲ್ಲ. ಬೋರ್ಡಲ್ಲಿ ನೆಲದ ಗೆರೆ ಒಂದು ಎಳೆದಿದೀನಲ್ಲ, ಆ ನೆಲ ಇದ್ದಲ್ಲೇ ಇರಲ್ಲ. ಬೆಲೆ ಏರಿಕೆ ಅಂದ್ರೆ ಮರದ ಸುತ್ತ ಮಣ್ಣು ವರ್ಷ ವರ್ಷ ಏರ್ತಾ ಬರೋದು, ಮರ ಬೆಳೀತಿದೆ ನಿಜ, ಆದ್ರೆ ಬುಡ ಹೂತು ಹೋಗ್ತಿದೆ, ನಿಮ್ಮ ಉಪಯೋಗಕ್ಕೆ ಬರೋದು ಮಣ್ಣಿನ ಮೇಲೆ ಕಾಣೋದು ಮಾತ್ರ. ಸಾಮಾನಿನ ಬೆಲೆ ವರ್ಷಕ್ಕೆ ನೂರಕ್ಕೆ 5ರಷ್ಟು ಏರುತ್ತೆ ಅಂತ ಇಟ್ಕೊಂಡ್ರೆ ಅದೂ ಚಕ್ರಬಡ್ಡಿ ಥರಾನೇ ಏರುತ್ತೆ, ಇವತ್ತು 100 ರೂಪಾಯಿಗೆ ಬರೋ ಸಾಮಾನಿಗೆ ಮೂವತ್ತು ವರ್ಷ ಆದ್ಮೇಲೆ 432 ರೂಪಾಯಿ ಕೊಡಬೇಕು. ಆಗ ನಿಮ್ಮ ಒಂದು ಲಕ್ಷಕ್ಕೆ ಬರೋದು ಇವತ್ತಿನ ಸುಮಾರು 23,300 ರೂಪಾಯಿ ಸಾಮಾನು. ಹತ್ತು ಸಾವಿರ ಹತ್ತು ಪಟ್ಟಾಯ್ತು ಅನ್ನೋದು ನಿಜ, ಅದರ ಕೊಳ್ಳೋ ಶಕ್ತಿ ಎರಡೂಕಾಲು ಪಟ್ಟಿಗಿಂತ ಒಂಚೂರು ಜಾಸ್ತಿ ಅನ್ನೋದೂ ನಿಜ. ಆದ್ರೆ ಇದೇ ಹತ್ತು ಸಾವಿರವನ್ನ ಬೀರುವಲ್ಲಿ ಇಟ್ಟಿದ್ರೆ ಮೂವತ್ತು ವರ್ಷದ ನಂತರ ಅದಕ್ಕೆ ಇವತ್ತಿನ 2,300 ರೂಪಾಯಿ ಸಾಮಾನು ಬರ್ತಿತ್ತು, ಮರ ಬೆಳೀಲೇ ಇಲ್ಲ, ಮಣ್ಣು ಮಾತ್ರ ಏರಿತು. ಹಾಗಾಗಿ ಯಾವ ಬಡ್ಡಿ ದರ ಕೇಳಿದ್ರೂ ಪಕ್ಕದಲ್ಲಿ ಬೆಲೆ ಎಷ್ಟು ಏರ್ತಿದೆ ಅಂತಾನೂ ಇಟ್ಟು ನೋಡಿ, ಬಡ್ಡಿ ಐದು ಬೆಲೆ ಏರಿಕೆ ಐದು ಅಂದ್ರೆ ಮರ ನಿಂತಲ್ಲೇ ನಿಂತಿದೆ.

ಕೊನೇಲಿ ಒಬ್ಬ ಹುಡುಗ, ಐಟಿಐ ಸೇರ್ಕೊಂಡಿದಾನೆ, ಸಂಜೆ ಅಂಗಡೀಲಿ ಕೆಲಸ ಮಾಡ್ತಾನೆ, ಅವನು ಕೇಳಿದ: "ಮೇಡಂ ನನ್ನ ಹತ್ರ ಒಂದೇ ಸಲ ಹತ್ತು ಸಾವಿರ ಇಲ್ಲ, ತಿಂಗಳಿಗೆ 500 ಉಳಿಸಬಹುದು, ಪೋಸ್ಟ್ ಆಫೀಸಲ್ಲಿ ಆರ್‌ಡಿ ಮಾಡಿಸಿದ್ರೆ ಐದು ವರ್ಷಕ್ಕೆ ಮೂವತ್ತು ಸಾವಿರ ಕಟ್ಟಿರ್ತೀನಿ, 35,683 ಬರುತ್ತೆ ಅಂತಾರೆ. ವರ್ಷಕ್ಕೆ 6.7 ಬಡ್ಡಿ ಅಂದ್ರೆ ಐದು ವರ್ಷಕ್ಕೆ 33 ಪರ್ಸೆಂಟ್, ಹತ್ತು ಸಾವಿರ ಬಡ್ಡಿ ಬರಬೇಕಿತ್ತು, ಐದು ಸಾವಿರದ ಚಿಲ್ಲರೆ ಮಾತ್ರ ಯಾಕೆ?"

ಮೋಸ ಏನೂ ಇಲ್ಲ. ಪೋಸ್ಟ್ ಆಫೀಸ್ ಆರ್‌ಡಿಗೆ 2023ರ ಅಕ್ಟೋಬರ್‌ನಲ್ಲಿ 6.7 ಮಾಡಿದ್ರು, ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತೆ, ಹೊಸ ಅಕೌಂಟುಗಳ ದರವನ್ನ ಸರ್ಕಾರ ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತೆ, ಹಾಗಾಗಿ ನೀನು ಅಕೌಂಟ್ ತೆರೆಯೋ ದಿನ ಎಷ್ಟಿದೆ ಅಂತ ಕೌಂಟರಲ್ಲಿ ಕೇಳ್ಕೋ, ಒಂದ್ಸಲ ತೆರೆದ ಮೇಲೆ ಐದು ವರ್ಷಕ್ಕೆ ಅದೇ ದರ. ಲೆಕ್ಕ ಎಲ್ಲಿ ಬೇರೆ ಆಯ್ತು ಅಂದ್ರೆ, ನೀನು ನೆಡ್ತಿರೋದು ಮೂವತ್ತು ಸಾವಿರದ ಒಂದು ಕಾಂಡ ಅಲ್ಲ, 500 ರೂಪಾಯಿಯ ಅರವತ್ತು ಸಸಿ, ತಿಂಗಳಿಗೊಂದು. ಮೊದಲನೇ ಸಸಿಗೆ ಬೆಳೆಯೋಕೆ ಅರವತ್ತು ತಿಂಗಳು ಸಿಗುತ್ತೆ, ಮೂವತ್ತನೇದಕ್ಕೆ ಮೂವತ್ತೊಂದು, ಕೊನೇದಕ್ಕೆ ಒಂದೇ ತಿಂಗಳು. ಸರಾಸರಿ ನೋಡಿದ್ರೆ ಒಂದೊಂದು ಸಸಿಗೆ ಸಿಕ್ಕಿದ್ದು ಎರಡೂವರೆ ವರ್ಷ ಅಷ್ಟೇ, ಅದಕ್ಕೇ ಬಡ್ಡೀನೂ ಸುಮಾರು ಅರ್ಧ. ಐದು ವರ್ಷ ಆದ್ಮೇಲೆ ಆ 35,683ನ್ನ ಏನ್ ಮಾಡ್ಲಿ ಅಂತ ಅವನೇ ಕೇಳಿದ, ಖರ್ಚಿಗೆ ಬೇಡ ಅಂದ್ರೆ ಅಷ್ಟನ್ನೂ ಕ್ಯುಮುಲೇಟಿವ್ ಎಫ್‌ಡಿಗೆ ಹಾಕು, ಅದು ನಿನ್ನ ಕಾಂಡ ಆಗುತ್ತೆ, 500ರ ಆರ್‌ಡಿ ಪಕ್ಕದಲ್ಲಿ ಮತ್ತೆ ಶುರು ಮಾಡು ಅಂದೆ.